ವಿಭಾಗ ಪತ್ರದ ಕರಡನ್ನು ಆನ್‌ಲೈನ್‌ನಲ್ಲಿ ತಿದ್ದುವ ಮುಂಚೆ

[ತೆರೆಯ ಮೇಲೆ: ಕರಡಿನ ಒಂದು ಪುಟ. ಹೆಸರು, ಸರ್ವೆ ನಂಬರ್ ಎಲ್ಲ ಕಲ್ಪಿತ]

ವಿರಾಜಪೇಟೆಯ ಒಂದು ವಕೀಲರ ಕಚೇರಿ ಅಂದುಕೊಳ್ಳಿ. ಒಂದು ಒಕ್ಕದ, ಅಂದ್ರೆ ಕೊಡವ ಮನೆತನದ, ಕಾಫಿ ತೋಟ ಐದು ಪಾಲಾಗ್ತಿದೆ. ಕರಡು ಇರೋದು ನುಡಿಯ ಹಳೇ ಫಾಂಟಿನಲ್ಲಿ. ಕಾಗುಣಿತ ನೋಡೋ ಸೈಟಿಗೆ ಯೂನಿಕೋಡ್ ಬೇಕು. ಹಾಗಾಗಿ ಗುಮಾಸ್ತರು ಮೊದಲು ಇಡೀ ಕರಡನ್ನು ಯಾವುದೋ ಕನ್ವರ್ಟರ್ ಸೈಟಿಗೆ ಪೇಸ್ಟ್ ಮಾಡ್ತಾರೆ, ಆಮೇಲೆ ಕಾಗುಣಿತದ ಸೈಟಿಗೆ. ಎರಡನೇ ಸೈಟಿನ ಮೇಲೆ ಅನುಮಾನ ಪಡೋರಿದ್ದಾರೆ. ಮೊದಲನೇದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು ಅನ್ನೋ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಮಿನಲ್ಲಿದೆ. ಅದು ವಕೀಲರಿಗಷ್ಟೇ ಅಲ್ಲ, ಗುಮಾಸ್ತರಿಗೂ ಅನ್ವಯಿಸುತ್ತೆ.

[ತೆರೆಯ ಮೇಲೆ: ವೈಫೈ ಆಫ್ ಆಗುವುದು]

ಕನ್ವರ್ಟರನ್ನು ಹೀಗೆ ಪರೀಕ್ಷಿಸಿ. ಪ್ರೈವೇಟ್ ವಿಂಡೋದಲ್ಲಿ ಪುಟ ತೆರೆಯಿರಿ, ಇಂಟರ್ನೆಟ್ ಆಫ್ ಮಾಡಿ, ಆಮೇಲೆ ಯಾವುದಾದರೂ ಸುಮ್ಮನೆ ಒಂದು ಸಾಲು ಹಾಕಿ ನೋಡಿ. ಕೆಲಸ ಮಾಡದಿದ್ರೆ ಪಠ್ಯ ಅವರ ಸರ್ವರಿಗೆ ಹೋಗ್ತಿದೆ ಅಂತ ತಿಳೀರಿ, ಆ ಸೈಟ್ ಬಿಟ್ಟುಬಿಡಿ. ಮಾಡಿದ್ರೆ, ಅಸಲಿ ಕರಡನ್ನೂ ನೆಟ್ ಆಫ್ ಇರುವಾಗಲೇ ಬದಲಿಸಿ, ಕಿಟಕಿ ಮುಚ್ಚಿ, ಆಮೇಲಷ್ಟೇ ನೆಟ್ ಆನ್ ಮಾಡಿ.

ಈಗ, ಕಾಗುಣಿತದ ಸೈಟಿಗೆ ಹಾಕೋ ಮುಂಚೆ, ಗುರುತು ಮರೆಮಾಡೋದು. ಫೈಲಿನ ಒಂದು ಪ್ರತಿಯಲ್ಲಿ Ctrl+H ಒತ್ತಿ, ಗಣೇಶ್ ಅಂತ ಇರೋ ಕಡೆಯೆಲ್ಲ ಕಕ್ಷಿ01 ಅಂತ ಹಾಕಿ. ಬರೀ 1 ಬೇಡ. ಹೆಸರು ವಾಪಸ್ ಹಾಕುವಾಗ ಕಕ್ಷಿ1 ಹುಡುಕಿದ್ರೆ ಕಕ್ಷಿ10 ಕೂಡ ಕೆಡುತ್ತೆ.

ಇಲ್ಲೇ ಕನ್ನಡ ಕೈಕೊಡೋದು. "ಗಣೇಶ್" ಅಂತ ಹುಡುಕಿದ್ರೆ "ಗಣೇಶನಿಗೆ", "ಗಣೇಶನ" ಸಿಗಲ್ಲ, ಯಾಕಂದ್ರೆ ವಿಭಕ್ತಿ ಸೇರಿದಾಗ ಆ ಶ್ ಬದಲಾಗಿರುತ್ತೆ. ಮೊದಲು "ಗಣೇಶ್", ಆಮೇಲೆ "ಗಣೇಶ" ಅಂತ ಬೇರೆಬೇರೆ ಹುಡುಕಿ, ಎರಡಕ್ಕೂ ಬೇರೆಬೇರೆ ಸಂಖ್ಯೆ ಹಾಕಿ, ಇಲ್ಲದಿದ್ರೆ ವಾಪಸ್ ಹಾಕುವಾಗ ರೂಪ ಕೆಡುತ್ತೆ. ಸರ್ವೆ ನಂಬರ್ ಕೂಡ ಹಾಗೇ: ಒಂದು ಕಡೆ 42/1, ಇನ್ನೊಂದು ಕಡೆ ೪೨/೧ ಅಂತ ಇರುತ್ತೆ. ಇನ್ನು ನಮ್ಮ ಕೊಡಗಿನ ಮಾತು: ಮನೆತನದ ಹೆಸರು, ಊರು ಎರಡೂ ಉಳಿದ್ರೆ ಸಾಕು, ಆಳಿನ ಹೆಸರು ಅಳಿಸಿ ಏನೂ ಪ್ರಯೋಜನವಿಲ್ಲ. ನಾಡಿನಲ್ಲಿ ಯಾರು ಬೇಕಾದ್ರೂ ಗುರುತು ಹಿಡೀತಾರೆ.

ಕ್ರೋಮ್‌ನಲ್ಲಿ Enhanced spell check ಆನ್ ಇದ್ಯಾ ಅಂತಲೂ ನೋಡಿ. ಇದ್ರೆ ನೀವು ಬ್ರೌಸರಿನಲ್ಲಿ ಟೈಪ್ ಮಾಡಿದ್ದು ಗೂಗಲ್‌ಗೆ ಹೋಗುತ್ತೆ. Basic ಸಾಕು.

[ತೆರೆಯ ಮೇಲೆ: ಗೂಗಲ್ ಡಾಕ್ಸ್, Version history]

ಕರಡನ್ನು ಐವರು ಪಾಲುದಾರರಿಗೂ ಕಳಿಸಬೇಕು ಅನ್ನಿ. ಒಬ್ಬರಿಗೆ ಕೊಡೋ ಹಣದ ಮೊತ್ತ ಮೊದಲು ಬೇರೆ ಇತ್ತು, ಆಮೇಲೆ ಅಳಿಸಿದ್ದೀರಿ. Editor ಅಂತ ಹಂಚಿಕೊಂಡರೆ Version historyಯಲ್ಲಿ ಆ ಹಳೇ ಮೊತ್ತ ಅವರಿಗೆ ಕಾಣುತ್ತೆ. Make a copy ಮಾಡಿ, ಆ ಹೊಸ ಪ್ರತಿಯನ್ನೇ ಹಂಚಿ. ಹಳೇ ಇತಿಹಾಸ ಅದರ ಜೊತೆ ಬರಲ್ಲ. Restricted ಇಟ್ಟು, ಒಬ್ಬೊಬ್ಬರ ಇಮೇಲ್ ಸೇರಿಸಿ, Commenter ಮಾಡಿ. ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಬಿಟ್ಟರೆ, ಅದು ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದ ಮೇಲೆ ಎಲ್ಲೆಲ್ಲಿ ಹೋಯ್ತೋ ಹೇಳೋಕಾಗಲ್ಲ.

ಕೊನೆಗೆ ಹೆಸರುಗಳನ್ನು ವಾಪಸ್ ಹಾಕಿ, "ಕಕ್ಷಿ0" ಅಂತ ಒಮ್ಮೆ, "ಕಕ್ಷಿ1" ಅಂತ ಒಮ್ಮೆ ಹುಡುಕಿ. ಒಂದೂ ಸಿಗಬಾರದು. ಆಮೇಲೆ ಪ್ರಿಂಟ್ ತೆಗೆದು, ಸರ್ವೆ ನಂಬರುಗಳನ್ನು ಪಹಣಿ ಎದುರಿಗಿಟ್ಟುಕೊಂಡು ಓದಿ.