ಕಾಮಾ ಗೋಂದಲ್ಲ

ನಮಸ್ಕಾರ ಎಲ್ಲರಿಗೂ. ಇವತ್ತು ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಸ್ಪೀಕಿಂಗ್ ಭಾಗದ ಬಗ್ಗೆ ಮಾತಾಡಬೇಕು ಅಂತ ಕೂತಿದ್ದೆ. ಅಷ್ಟರಲ್ಲಿ ಹೋದ ವಾರದ ವಿಡಿಯೊ ಕೆಳಗೆ ಒಂದು ಕಾಮೆಂಟ್ ನೋಡಿದೆ. "ಮೇಡಂ, ಐಇಎಲ್‌ಟಿಎಸ್‌ನಲ್ಲಿ ಐಡಿಯಾ ನೋಡ್ತಾರೆ, ಕಾಮಾ ಎಣಿಸ್ಕೊಂಡು ಯಾರು ಕೂರ್ತಾರೆ, ಸುಮ್ನೆ ಮಕ್ಕಳನ್ನ ಹೆದರಿಸಬೇಡಿ." ಅದಕ್ಕೆ ನಲವತ್ತು ಜನ ಲೈಕ್ ಒತ್ತಿದ್ದಾರೆ. ಆ ನಲವತ್ತು ಜನರಲ್ಲಿ ಎಷ್ಟು ಮಂದಿ ಪರೀಕ್ಷೆ ಫೀಸು ಕಟ್ಟಿ ಕಾಯುತ್ತಿದ್ದಾರೋ ಗೊತ್ತಿಲ್ಲ. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಸ್ಪೀಕಿಂಗ್ ಮುಂದಿನ ವಾರ. ಇವತ್ತು ಒಂದೇ ಮಾತು: ಕಾಮಾ ಗೋಂದಲ್ಲ. ಎರಡು ವಾಕ್ಯಗಳನ್ನು ಅಂಟಿಸುವ ಶಕ್ತಿ ಅದಕ್ಕಿಲ್ಲ.

ಮೊದಲು "ಯಾರು ನೋಡ್ತಾರೆ" ಅನ್ನೋದಕ್ಕೆ ಉತ್ತರ. ರೈಟಿಂಗ್ ಟಾಸ್ಕ್ 2, ಅಂದರೆ ಪ್ರಬಂಧಕ್ಕೆ 40 ನಿಮಿಷ, ಕನಿಷ್ಠ 250 ಪದ. ಪರೀಕ್ಷಕರು ನಾಲ್ಕು ವಿಷಯಕ್ಕೆ ಬೇರೆ ಬೇರೆ ಬ್ಯಾಂಡ್, ಅಂದರೆ ಅಂಕ, ಕೊಡುತ್ತಾರೆ. ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ್ದೀರಾ, ಹೇಳಿದ್ದು ಒಂದಕ್ಕೊಂದು ಹೊಂದಿಕೊಂಡಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮ ಪಾಲು. ಆ ವ್ಯಾಕರಣದ ಕಲಂನಲ್ಲೇ ಪಂಕ್ಚುಯೇಶನ್, ಅಂದರೆ ಕಾಮಾ, ಫುಲ್ ಸ್ಟಾಪ್ ಥರದ ಚಿಹ್ನೆ, ಅನ್ನುವ ಪದ ಬರೆದಿಟ್ಟಿದ್ದಾರೆ. ಎಲ್ಲರೂ ಓದಲಿ ಅಂತ ಪ್ರಕಟಿಸಿರುವ ಪಟ್ಟಿ ಅದು. ಬ್ಯಾಂಡ್ 5ರ ಸಾಲಿನಲ್ಲಿ ಚಿಹ್ನೆಗಳು ತಪ್ಪಿರಬಹುದು ಅಂತ ಇದೆ. ಬ್ಯಾಂಡ್ 7ರ ಸಾಲಿನಲ್ಲಿ ವ್ಯಾಕರಣ, ಚಿಹ್ನೆ ಎರಡೂ ಬಹುಮಟ್ಟಿಗೆ ಹಿಡಿತದಲ್ಲಿರಬೇಕು, ತಪ್ಪಿಲ್ಲದ ವಾಕ್ಯಗಳು ಆಗಾಗ ಬರಬೇಕು ಅಂತ ಇದೆ.

ತಪ್ಪಿಲ್ಲದ ವಾಕ್ಯಗಳು. ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಇವತ್ತಿನ ಕಥೆಯೆಲ್ಲ ಇದರಲ್ಲೇ ಇದೆ.

ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ, ಹಾಸನದ ಕಡೆಯವಳು, ನರ್ಸ್. ಬ್ರಿಟನ್‌ಗೆ ಹೋಗಬೇಕು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನವರು ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರಕ್ಕೂ 7 ಕೇಳುತ್ತಾರೆ, ರೈಟಿಂಗ್‌ಗೆ ಮಾತ್ರ 6.5 ಸಾಕು. ಇವಳಿಗೆ ಮೂರರಲ್ಲೂ 7 ಬಂತು. ರೈಟಿಂಗ್‌ನಲ್ಲಿ 6. ಎರಡು ಸಲ ಬರೆದಳು, ಎರಡು ಸಲವೂ 6. ಅಂಕಪಟ್ಟಿಯಲ್ಲಿ ರೈಟಿಂಗ್ ಬಗ್ಗೆ ಆ ಒಂದು ಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. ನಾಲ್ಕು ಕಲಂನಲ್ಲಿ ಯಾವುದರಲ್ಲಿ ಕಡಿಮೆ ಆಯ್ತು ಅಂತ ಹೇಳುವುದಿಲ್ಲ. ಅದಕ್ಕೇ ಇದು ಸದ್ದಿಲ್ಲದೆ ಹೋಗುವ ಅಂಕ. ಅವಳು ಪದಗಳು ಸಾಲದು ಅಂದುಕೊಂಡು ಮೂರು ತಿಂಗಳು ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡಿದ್ದಾಳೆ!

ನಾನು ಅವಳಿಂದ ಒಂದು ಪ್ರಬಂಧ ಬರೆಸಿ ನೋಡಿದೆ. ಅದರ ಒಂದು ಸಾಲು ಓದುತ್ತೇನೆ, ಸ್ಕ್ರೀನ್ ಮೇಲೂ ಹಾಕಿದ್ದೇನೆ. ಕಾಮಾಗಳನ್ನು ಗಮನಿಸಿ.

"ಮೆನಿ ಯಂಗ್ ಪೀಪಲ್ ಮೂವ್ ಟು ಸಿಟೀಸ್ ಫಾರ್ ವರ್ಕ್, ದೇರ್ ಪೇರೆಂಟ್ಸ್ ಸ್ಟೇ ಬಿಹೈಂಡ್ ಇನ್ ವಿಲೇಜಸ್, ದಿಸ್ ಕ್ರಿಯೇಟ್ಸ್ ಲೋನ್ಲಿನೆಸ್, ಹೌಎವರ್ ಸಮ್ ಪೇರೆಂಟ್ಸ್ ಎಂಜಾಯ್ ದೇರ್ ಫ್ರೀಡಂ."

ಇದರಲ್ಲಿ ಸ್ಪೆಲಿಂಗ್ ತಪ್ಪಿಲ್ಲ. ಕ್ರಿಯಾಪದ ತಪ್ಪಿಲ್ಲ. ಒಟ್ಟು ನಾಲ್ಕು ವಾಕ್ಯ ಇವೆ, ನಾಲ್ಕೂ ಬಿಡಿಬಿಡಿಯಾಗಿ ಸರಿಯಾಗಿವೆ. ಆದರೆ ಅವುಗಳ ನಡುವೆ ಬರೀ ಕಾಮಾ ಹಾಕಿದ್ದರಿಂದ ನಾಲ್ಕೂ ಸೇರಿ ಒಂದು ವಾಕ್ಯ ಆಯಿತು. ಆ ಒಂದು ವಾಕ್ಯ ತಪ್ಪು. ಅರ್ಥ ಆಯ್ತಲ್ವಾ? ನಾಲ್ಕು ಒಳ್ಳೆಯ ವಾಕ್ಯ ಬರೆಯುವಷ್ಟು ಇಂಗ್ಲಿಷ್ ಅವಳಿಗೆ ಬರುತ್ತದೆ. ಆದರೆ ತಪ್ಪಿಲ್ಲದ ವಾಕ್ಯ ಎಷ್ಟು ಅಂತ ನೋಡುವವರ ಕಣ್ಣಿಗೆ ಇಲ್ಲಿ ಒಂದೂ ಇಲ್ಲ. ಇಡೀ ಪ್ರಬಂಧ ಹೀಗೇ ಇದ್ದರೆ ಬ್ಯಾಂಡ್ 7ರ ಸಾಲನ್ನು ಯಾವ ಪರೀಕ್ಷಕರು ತಾನೇ ಕೊಡಲು ಸಾಧ್ಯ?

ಲೆಕ್ಕ ಹಾಕಿ ನೋಡಿ. ಟಾಸ್ಕ್ 2ರಲ್ಲಿ ಮೊದಲ ಮೂರು ಕಲಂಗೆ 6, 7, 7 ಬಂತು ಅಂತಿಟ್ಟುಕೊಳ್ಳಿ. ವ್ಯಾಕರಣಕ್ಕೆ 6 ಬಂದರೆ ಒಟ್ಟು 26, ನಾಲ್ಕರಿಂದ ಭಾಗಿಸಿದರೆ 6.5. ವ್ಯಾಕರಣ 5ಕ್ಕೆ ಇಳಿದರೆ 25, ಅಂದರೆ 6.25. ಕಾಲು ಅಂಕ ಹೋಯಿತು. ಟಾಸ್ಕ್ 1ಕ್ಕಿಂತ ಟಾಸ್ಕ್ 2ಕ್ಕೆ ಎರಡು ಪಟ್ಟು ಬೆಲೆ ಇರುವುದರಿಂದ ಈ ಕಾಲು ಅಂಕ ತುಂಬಿಕೊಳ್ಳುವುದು ಸುಲಭ ಅಲ್ಲ.

ಈಗ ನಮ್ಮವರಿಗೇ ಇದು ಯಾಕೆ ಇಷ್ಟು ಜಾಸ್ತಿ ಆಗುತ್ತದೆ ಅಂತ ಹೇಳುತ್ತೇನೆ. "ಅವಳು ಮನೆಗೆ ಬಂದು, ಕೈಕಾಲು ತೊಳೆದು, ಊಟ ಮಾಡಿ, ಮಲಗಿದಳು." ಇದು ಚೆಂದದ ಒಂದೇ ಕನ್ನಡ ವಾಕ್ಯ. ಬಂದು, ತೊಳೆದು, ಮಾಡಿ, ಇವು ಯಾವುವೂ ಮುಗಿಯುವುದಿಲ್ಲ. "ಬಂದು" ಅಂದ ಕೂಡಲೇ ಕೇಳುವವರಿಗೆ ಇನ್ನೂ ಮಾತು ಬಾಕಿ ಇದೆ ಅಂತ ಗೊತ್ತಾಗುತ್ತದೆ. "ಮಲಗಿದಳು" ಅಂದಾಗಲೇ ಮುಗಿಯುವುದು. ಅಂಟಿಸುವ ಕೆಲಸವನ್ನು ಕ್ರಿಯಾಪದದ ತುದಿಯೇ ಮಾಡುತ್ತದೆ. ಕಾಮಾ ತೆಗೆದರೂ ಕನ್ನಡ ವಾಕ್ಯ ಬಿದ್ದುಹೋಗುವುದಿಲ್ಲ. ಅಲ್ಪವಿರಾಮ ಅನ್ನುವ ಹೆಸರೇ ಹೇಳುತ್ತದೆ, ಅದು ಸ್ವಲ್ಪ ನಿಲ್ಲುವ ಜಾಗ ಅಷ್ಟೆ. ಇಂಗ್ಲಿಷ್‌ನಲ್ಲಿ "ಪೀಪಲ್ ಮೂವ್ ಟು ಸಿಟೀಸ್" ಅಂದರೆ ಮುಗಿಯಿತು. "ಮೂವ್" ಪದದ ತುದಿಯಲ್ಲಿ ನಮ್ಮ "ಹೋಗಿ"ಯ ಹಾಗೆ ಕೊಂಡಿ ಇಲ್ಲ. ನಾವು ಕನ್ನಡದಲ್ಲಿ ಸರಪಳಿಯಾಗಿ ಯೋಚಿಸುತ್ತೇವೆ, ಇಂಗ್ಲಿಷ್‌ನಲ್ಲಿ ಮುಗಿದ ವಾಕ್ಯ ಬರೆಯುತ್ತೇವೆ, ಕೊಂಡಿ ಇರಬೇಕಾದ ಜಾಗದಲ್ಲಿ ಕಾಮಾ ಇಡುತ್ತೇವೆ. ಕಾಮಾ ಗೋಂದಲ್ಲ ಸ್ವಾಮಿ!

ಇನ್ನೊಂದು ಹಳ್ಳ ಇದೆ. "ಆದರೆ" ಅನ್ನುವ ಒಂದೇ ಪದಕ್ಕೆ ಇಂಗ್ಲಿಷ್‌ನಲ್ಲಿ "ಬಟ್" ಕೂಡ ಇದೆ, "ಹೌಎವರ್" ಕೂಡ ಇದೆ. ಅರ್ಥ ಒಂದೇ ಅಲ್ವಾ ಅಂತ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತೇವೆ. ಅರ್ಥ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ. "ಬಟ್", "ಆಂಡ್", "ಸೋ", "ಆರ್" ಇವು ಅಂಟಿಸುವ ಪದಗಳು. ಇವುಗಳ ಹಿಂದೆ ಕಾಮಾ ಇಟ್ಟು ಎರಡು ವಾಕ್ಯ ಸೇರಿಸಬಹುದು. "ಹೌಎವರ್", "ದೇರ್‌ಫೋರ್", "ಮೋರೋವರ್" ಇವಕ್ಕೆ ಆ ಶಕ್ತಿ ಇಲ್ಲ. ಇವುಗಳ ಹಿಂದೆ ಫುಲ್ ಸ್ಟಾಪ್ ಬೇಕು, ಇಲ್ಲವೇ ಸೆಮಿಕೋಲನ್ ಬೇಕು.

ಸೆಮಿಕೋಲನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲಿ ಫುಲ್ ಸ್ಟಾಪ್ ಇಟ್ಟರೂ ಸರಿಯಾಗುತ್ತದೋ ಅಲ್ಲಿ, ಎರಡೂ ವಾಕ್ಯ ಹತ್ತಿರದ ಸಂಬಂಧದವಾಗಿದ್ದರೆ ಮಾತ್ರ, ಸೆಮಿಕೋಲನ್ ಇಡಿ. "ಸಚ್ ಆಸ್" ಹಿಂದೆ ಇಡುವವರು ಇದ್ದಾರೆ, "ಬಿಕಾಸ್" ಹಿಂದೆ ಇಡುವವರು ಇದ್ದಾರೆ. ಅಲ್ಲಿ ಬಲಗಡೆ ಇರುವುದು ಪೂರ್ತಿ ವಾಕ್ಯವೇ ಅಲ್ಲ, ಹಾಗಾಗಿ ತಪ್ಪು. ಪ್ರಬಂಧಕ್ಕೆ ಒಂದು ಸೆಮಿಕೋಲನ್ ಸಾಕು. ಧೈರ್ಯ ಇಲ್ಲದಿದ್ದರೆ ಒಂದೂ ಬೇಡ, ಫುಲ್ ಸ್ಟಾಪ್ ಇಡಿ. ಅದಕ್ಕೆ ಯಾರೂ ಅಂಕ ಕಡಿಯುವುದಿಲ್ಲ.

ಅವಳ ಸಾಲನ್ನು ನಾವಿಬ್ಬರೂ ಕೂತು ಸರಿ ಮಾಡಿದೆವು. ಬೆರಳಿನ ಪರೀಕ್ಷೆ ಹೇಳಿಕೊಟ್ಟೆ. ಕಾಮಾ ಮೇಲೆ ಬೆರಳಿಡಿ. ಎಡಗಡೆ ಇರುವುದನ್ನು ಮಾತ್ರ ಓದಿ. ಅದು ಒಂಟಿಯಾಗಿ ನಿಲ್ಲುತ್ತದಾ? ಬಲಗಡೆ ಇರುವುದನ್ನು ಓದಿ. ಅದೂ ನಿಲ್ಲುತ್ತದಾ? ಎರಡೂ ನಿಂತರೆ ಅಲ್ಲಿ ಬರೀ ಕಾಮಾ ಸಾಲದು. ಮೂರು ಕಾಮಾಗಳೂ ಈ ಪರೀಕ್ಷೆಯಲ್ಲಿ ಬಿದ್ದವು. ಸರಿಮಾಡಿದ್ದು ಹೀಗೆ:

"ವೆನ್ ಮೆನಿ ಯಂಗ್ ಪೀಪಲ್ ಮೂವ್ ಟು ಸಿಟೀಸ್ ಫಾರ್ ವರ್ಕ್, ದೇರ್ ಪೇರೆಂಟ್ಸ್ ಸ್ಟೇ ಬಿಹೈಂಡ್ ಇನ್ ವಿಲೇಜಸ್. ದಿಸ್ ಕ್ರಿಯೇಟ್ಸ್ ಲೋನ್ಲಿನೆಸ್, ಬಟ್ ಸಮ್ ಪೇರೆಂಟ್ಸ್ ಎಂಜಾಯ್ ದೇರ್ ಫ್ರೀಡಂ."

ಹೊಸದಾಗಿ ಬಂದಿದ್ದು "ವೆನ್". "ಹೌಎವರ್" ಹೋಗಿ "ಬಟ್" ಬಂತು. ಒಂದು ಫುಲ್ ಸ್ಟಾಪ್ ಸೇರಿತು. "ವೆನ್" ಸೇರಿದ ಮೇಲೆ ಎಡಗಡೆಯ ಭಾಗ ಒಂಟಿಯಾಗಿ ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ ಕಾಮಾ ಸರಿ. ಈಗ ಎರಡು ವಾಕ್ಯ, ಎರಡೂ ತಪ್ಪಿಲ್ಲದವು. ಒಂದು ಕಾಂಪ್ಲೆಕ್ಸ್ ವಾಕ್ಯ ಸಿಕ್ಕಿದ್ದು ಲಾಭ. ಅವಳು ತುಂಬಾ ಹೊತ್ತು ಆ ಹಾಳೆಯನ್ನೇ ನೋಡಿದಳು. "ಇಷ್ಟೇನಾ ಮೇಡಂ?" ಅಂದಳು. ಇಷ್ಟೇ ಕಣಮ್ಮಾ.

ಹೌದು, ನಿಮ್ಮಲ್ಲಿ ಕೆಲವರು ಏನು ಹೇಳುತ್ತೀರಿ ಅಂತ ಗೊತ್ತು. "ಕೋಚಿಂಗ್‌ನಲ್ಲಿ ಉದ್ದ ವಾಕ್ಯ ಬರೆದರೆ ಬ್ಯಾಂಡ್ ಜಾಸ್ತಿ ಅಂದಿದ್ದಾರೆ." ಉದ್ದಕ್ಕೆ ಅಂಕ ಇಲ್ಲ. ಕಾಂಪ್ಲೆಕ್ಸ್ ಅಂದರೆ ಒಂದು ವಾಕ್ಯ ಇನ್ನೊಂದಕ್ಕೆ ಜೋತುಬಿದ್ದಿರಬೇಕು, "ವೆನ್", "ಬಿಕಾಸ್", "ಆಲ್ದೋ" ಥರದ ಪದದಿಂದ. ನಾಲ್ಕು ಸಣ್ಣ ವಾಕ್ಯಗಳನ್ನು ಕಾಮಾದಲ್ಲಿ ಪೋಣಿಸಿದರೆ ಉದ್ದ ಆಗುತ್ತದೆ, ಕಾಂಪ್ಲೆಕ್ಸ್ ಆಗುವುದಿಲ್ಲ. "ದೊಡ್ಡ ದೊಡ್ಡ ಇಂಗ್ಲಿಷ್ ಕಾದಂಬರಿಕಾರರೇ ಹೀಗೆ ಬರೆಯುತ್ತಾರೆ." ಬರೆಯಲಿ ಬಿಡಿ, ಅವರು ವೀಸಾಗೆ ಬರೆಯುತ್ತಿಲ್ಲ. "ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ ಹಾಕಿ ಅಂತ ಶಾಲೆಯಲ್ಲಿ ಕಲಿಸಿದ್ದರು." ಅದನ್ನು ಇವತ್ತೇ ಮರೆತುಬಿಡಿ! ಉಸಿರಿಗೂ ಕಾಮಾಗೂ ಸಂಬಂಧ ಇಲ್ಲ. ಎಡಗಡೆ ನಿಂತಿತಾ, ಬಲಗಡೆ ನಿಂತಿತಾ, ಅಷ್ಟೇ ಕೇಳಿಕೊಳ್ಳಿ.

ಪೆನ್ನಿನಲ್ಲಿ ಬರೆಯುವವರಿಗೆ ಒಂದು ಮಾತು. ಅವಸರದಲ್ಲಿ ಫುಲ್ ಸ್ಟಾಪ್ ಇಟ್ಟು ಪೆನ್ನು ಎಳೆದರೆ ಬಾಲ ಬರುತ್ತದೆ. ಮುಂದಿನ ಪದಕ್ಕೆ ಕ್ಯಾಪಿಟಲ್ ಅಕ್ಷರವೂ ಇಲ್ಲದಿದ್ದರೆ ಅದು ಕಾಮಾ ಅಂತಲೇ ಕಾಣುತ್ತದೆ. ಚುಕ್ಕೆ ಇಟ್ಟು ಪೆನ್ನು ಎತ್ತಿ. ಕಂಪ್ಯೂಟರ್‌ನಲ್ಲಿ ಬರೆಯುವವರೇ, ಅಲ್ಲಿ ನಿಮ್ಮ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ಎಚ್ಚರಿಸುವವರು ಯಾರೂ ಇಲ್ಲ. ಕೊನೆಯ ಮೂರು ನಿಮಿಷ ಉಳಿಸಿಕೊಳ್ಳಿ. ಆಗ ಹೊಸ ಐಡಿಯಾ ಸೇರಿಸಬೇಡಿ, ಕಾಮಾಗಳನ್ನು ಮಾತ್ರ ನೋಡಿ. ಒಂದೊಂದರ ಮೇಲೂ ಬೆರಳು.

ಭಾನುವಾರ ಸಂಜೆ ಏಳಕ್ಕೆ ಲೈವ್ ಇದೆ. ನಿಮ್ಮ ಪ್ರಬಂಧದ ಒಂದೇ ಒಂದು ಪ್ಯಾರಾ ಕಳಿಸಿ, ನಾನು ಕಾಮಾಗಳನ್ನು ಮಾತ್ರ ನೋಡಿ ಹೇಳುತ್ತೇನೆ. ದುಡ್ಡು ಬೇಡ, ಸಬ್‌ಸ್ಕ್ರೈಬ್ ಮಾಡಿ ಸಾಕು. ಕಾಮೆಂಟ್ ಹಾಕಿದ ಆ ಅಣ್ಣನೂ ಬರಲಿ, ಅವರ ಪ್ಯಾರಾವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅವರ ಕಾಮೆಂಟನ್ನೇ ನೋಡಿ: ಮೂರು ಮಾತು, ನಡುವೆ ಬರೀ ಕಾಮಾ. ಕನ್ನಡದಲ್ಲಿ ನಡೆಯುತ್ತದೆ ಅಣ್ಣ. ಅದನ್ನೇ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿ.