ಹದಿನಾಲ್ಕು ಮಾತ್ರೆಯ ಲೆಕ್ಕ

ನಮಸ್ಕಾರ. ಮಂಗಳೂರಿನ ಬಂದರಿನ ಹತ್ತಿರ ಔಷಧ ಅಂಗಡಿ ಇಟ್ಟುಕೊಂಡವನು ನಾನು. ಮಳೆಗಾಲದ ಒಂದು ಸಂಜೆ ಬಾಗಲಕೋಟೆಯ ಕಡೆಯ ತಾಯಿಯೊಬ್ಬರು ಕಂಕುಳಲ್ಲಿ ಮಗನನ್ನು ಎತ್ತಿಕೊಂಡು ಬಂದರು. ರಕ್ತಪರೀಕ್ಷೆಯಲ್ಲಿ ಫಾಲ್ಸಿಪಾರಮ್ ಮಲೇರಿಯಾ. ಚೀಟಿಯಲ್ಲಿ ಆರ್ಟಿಮೆಥರ್-ಲ್ಯೂಮಿಫ್ಯಾಂಟ್ರಿನ್, ಹೊತ್ತಿಗೆ ಒಂದು ಮಾತ್ರೆ. ತೂಕ ಬರೆದಿರಲಿಲ್ಲ.

"ಹದಿನಾಲ್ಕು ಕಿಲೋ ಇರಬಹುದು ಅಣ್ಣಾ" ಎಂದರು. ಚಪ್ಪಲಿ ಬಿಚ್ಚಿಸಿ ತಕ್ಕಡಿಯ ಮೇಲೆ ನಿಲ್ಲಿಸಿದೆ. 15.4 ಕಿಲೋ!

ಆರ್ಟಿಮೆಥರ್ 20, ಲ್ಯೂಮಿಫ್ಯಾಂಟ್ರಿನ್ 120 ಮಿಲಿಗ್ರಾಂ ಇರುವ ಮಾತ್ರೆಯಾದರೆ, 5 ಕಿಲೋದಿಂದ 15ರ ಒಳಗಿನ ಮಗುವಿಗೆ ಹೊತ್ತಿಗೆ ಒಂದು, 15ರಿಂದ 25ರ ಒಳಗೆ ಎರಡು, 25ರಿಂದ 35ರ ಒಳಗೆ ಮೂರು, ಅದರ ಮೇಲೆ ನಾಲ್ಕು. ಕಣ್ಣಂದಾಜು ಸುಮಾರು ಒಂದೂವರೆ ಕಿಲೋ ತಪ್ಪಿದ್ದಕ್ಕೆ ಹುಡುಗನಿಗೆ ಸಿಗಬೇಕಾದದ್ದರ ಅರ್ಧ ಮಾತ್ರ ಸಿಗುತ್ತಿತ್ತು. ವೈದ್ಯರಿಗೆ ಫೋನ್ ಮಾಡಿದೆ, ಅವರು ಎರಡು ಎಂದು ತಿದ್ದಿಸಿದರು. ಇದೇ ಔಷಧ 80 ಮತ್ತು 480ರ ದೊಡ್ಡ ಮಾತ್ರೆಯಾಗಿಯೂ ಬರುತ್ತದೆ. ಅದಕ್ಕೆ ಈ ಎಣಿಕೆ ಸಲ್ಲದು. ಆದ್ದರಿಂದ ಸ್ಟ್ರಿಪ್ಪಿನ ಮೇಲಿನ ಅಂಕಿಯನ್ನು ಓದದೆ ನಾನು ಕೊಡುವುದಿಲ್ಲ.

ಮೂರು ದಿನಕ್ಕೆ ಆರು ಹೊತ್ತು. ಮೊದಲನೆಯದನ್ನು ಕೊಟ್ಟು ಎಂಟು ಗಂಟೆ ಕಳೆದ ಮೇಲೆ ಎರಡನೆಯದು, ಆಮೇಲೆ ಎರಡು ದಿನ ಬೆಳಿಗ್ಗೆ ಮತ್ತು ಸಂಜೆ. ಒಟ್ಟು ಹನ್ನೆರಡು ಮಾತ್ರೆ. ನಾನು ಹದಿನಾಲ್ಕು ಬರೆಸಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ಜ್ವರದ ಮಗು ವಾಂತಿ ಮಾಡುತ್ತದೆ.

ಅಂದು ರಾತ್ರಿ ಎಂಟಕ್ಕೆ ಕೊಟ್ಟ ಮಾತ್ರೆಯನ್ನು ಹುಡುಗ ಎಂಟೂ ಇಪ್ಪತ್ತಕ್ಕೆ ಕಕ್ಕಿದ. ಒಂದು ಗಂಟೆಯೊಳಗೆ ವಾಂತಿಯಾದರೆ ಆ ಹೊತ್ತಿನ ಪೂರ್ತಿ ಪ್ರಮಾಣವನ್ನು ಮತ್ತೆ ಕೊಡಬೇಕು. ತಾಯಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ, ಎರಡು ಮಾತ್ರೆ ಮತ್ತೆ ಕೊಟ್ಟರು, ಅದು ಹೊಟ್ಟೆಯಲ್ಲಿ ನಿಂತಿತು. ಎಂಟಕ್ಕೆ ಕೊಟ್ಟದ್ದನ್ನು ಒಂಬತ್ತೂವರೆಗೆ ಕಕ್ಕಿದ್ದರೆ ಮರುಕೊಡುವ ಅಗತ್ಯವಿರಲಿಲ್ಲ, ಮುಂದಿನ ಹೊತ್ತಿಗೆ ಕಾದರೆ ಸಾಕಿತ್ತು. ಹೆಚ್ಚಿನ ಎರಡು ಮಾತ್ರೆ ಇಲ್ಲದಿದ್ದರೆ ಕೊರತೆ ಬೀಳುವುದು ಮೂರನೆಯ ದಿನದ ಸಂಜೆಯ ಪಾಲಿಗೆ. ಅಷ್ಟರಲ್ಲಿ ಜ್ವರ ಇಳಿದಿರುತ್ತದೆ, ಹುಡುಗ ಆಡುತ್ತಿರುತ್ತಾನೆ, ಮತ್ತೆ ಅಂಗಡಿಗೆ ಯಾರು ಬರುತ್ತಾರೆ?

ಮರುಕೊಟ್ಟದ್ದೂ ಹೊರಬಂದರೆ ಮೂರನೆಯ ಬಾರಿ ಪ್ರಯತ್ನಿಸಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ಹೊಟ್ಟೆಯಲ್ಲಿ ಮಾತ್ರೆ ನಿಲ್ಲದಿದ್ದರೆ ಅಲ್ಲಿ ಮಲೇರಿಯಾದ ಬೇರೆ ಔಷಧವನ್ನು ಚುಚ್ಚುಮದ್ದಾಗಿ ಕೊಡುತ್ತಾರೆ. ಮಗು ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ನೀರು ಕುಡಿಯದಿದ್ದರೆ ವಾಂತಿಯ ಲೆಕ್ಕಕ್ಕೂ ಕಾಯಬೇಡಿ.

ಇನ್ನೊಂದು ವಿಷಯ ನಮ್ಮ ಊರಿನದು. ಜ್ವರ ಬಂದರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಅದರಲ್ಲಿ ಕೊಬ್ಬು ತೀರಾ ಕಡಿಮೆ, ಕೊಬ್ಬಿಲ್ಲದೆ ಲ್ಯೂಮಿಫ್ಯಾಂಟ್ರಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಗಂಜಿಗೆ ಒಂದು ಚಮಚ ತುಪ್ಪ ಹಾಕಿ, ಅಥವಾ ಅರ್ಧ ಲೋಟ ಹಾಲು ಕುಡಿಸಿ ಮಾತ್ರೆ ಕೊಡಿ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ಅದರ ಔಷಧ ಬೇರೆ, ಅಳತೆಯೂ ಬೇರೆ. ಈ ಎಣಿಕೆಯನ್ನು ಅಲ್ಲಿಗೆ ಹೊಂದಿಸಬೇಡಿ. ವೈದ್ಯರಲ್ಲಿ ನನ್ನದೊಂದು ಬೇಡಿಕೆ: ಮಗುವಿನ ಚೀಟಿಯಲ್ಲಿ ತೂಕವನ್ನು ಕಿಲೋದಲ್ಲಿ ಬರೆಯಿರಿ, ಅದರ ಕೆಳಗೆ "ಒಂದು ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಿ" ಎಂದೂ ಬರೆಯಿರಿ.