ಗೇರುಬೀಜ ಕಾರ್ಖಾನೆಯ ನಷ್ಟ ಯಾವ ಆಸ್ತಿಯ ಪಾಲಿಗೆ?

ಕೇಳುಗರಿಗೆ ನಮಸ್ಕಾರ.

ದೊಡ್ಡ ಕಂಪನಿಯೊಂದು ಕಾಸರಗೋಡಿನ ಕಡೆಯ ಒಂದು ಗೇರುಬೀಜ ಕಾರ್ಖಾನೆಯನ್ನು ಇಡಿಯಾಗಿ ಕೊಂಡಿದೆ ಎಂದಿಟ್ಟುಕೊಳ್ಳಿ. ಕೊಂಡ ಮೇಲೆ ಹಸಿಬೀಜದ ಬೆಲೆ ಏರಿತು, ತಿರುಳಿನ ಬೆಲೆ ಏರಲಿಲ್ಲ. ಈಗ ಲೆಕ್ಕಪುಸ್ತಕದಲ್ಲಿ ಗುಡ್‌ವಿಲ್, ಅಂದರೆ ಕೊಳ್ಳುವಾಗ ಆಸ್ತಿಗಳ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಹಣ, 40 ಲಕ್ಷ, ಹೆದ್ದಾರಿ ಹತ್ತಿರದ ಜಾಗ 180 ಲಕ್ಷ, ಯಂತ್ರಗಳು 240 ಲಕ್ಷ, ಶೆಡ್ಡು 60 ಲಕ್ಷ. ಒಟ್ಟು ಪುಸ್ತಕ ಮೌಲ್ಯ 520 ಲಕ್ಷ. ಕಾರ್ಖಾನೆ ಇವತ್ತು ಅಷ್ಟು ಬಾಳುತ್ತದೆಯೇ? ಆಸ್ತಿಗಳ ಮೌಲ್ಯ ಕುಸಿತದ ಬಗೆಗಿನ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 36 ಕೇಳುವ ಪ್ರಶ್ನೆ ಇದು. ಗುಡ್‌ವಿಲ್ ಇರುವ ಘಟಕಕ್ಕೆ ನಷ್ಟದ ಸುಳಿವು ಇರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಲೇಬೇಕು.

ಬೀಜ ಬೇಯಿಸುವ ಬಾಯ್ಲರ್ ಒಂದೇ ದುಡ್ಡು ತರುವುದಿಲ್ಲ. ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ಡಬ್ಬಕ್ಕೆ ತುಂಬಿದ ಮೇಲಷ್ಟೇ ಹಣ ಬರುವುದು. ಹಾಗಾಗಿ ಇಡೀ ಕಾರ್ಖಾನೆಯೇ ಒಂದು ನಗದು ಗಳಿಸುವ ಘಟಕ. ಬಾಯ್ಲರ್ ಮಾರಿದರೆ ಕಡಿಮೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅದರ ಮೌಲ್ಯ ಇಳಿಸುವವರಿದ್ದಾರೆ. ಘಟಕ ಚೆನ್ನಾಗಿ ಗಳಿಸುತ್ತಿದ್ದರೆ ಅದು ತಪ್ಪು.

ವಸೂಲಾಗಬಹುದಾದ ಮೊತ್ತಕ್ಕೆ ಎರಡು ದಾರಿ. ಕಾರ್ಖಾನೆಯನ್ನು ಮಾರಿ, ಮಾರಾಟದ ಖರ್ಚು ಕಳೆದರೆ 370 ಲಕ್ಷ ಕೈಗೆ ಬರುತ್ತದೆ. ನಡೆಸಿಕೊಂಡು ಹೋದರೆ ಮುಂದೆ ಬರುವ ನಗದಿನ ಇಂದಿನ ಬೆಲೆ, ಅಂದರೆ ಬಳಕೆ ಮೌಲ್ಯ, 400 ಲಕ್ಷ. ಇವೆರಡರಲ್ಲಿ ಹೆಚ್ಚಿನದನ್ನೇ ತೆಗೆದುಕೊಳ್ಳಬೇಕು. 520ರಲ್ಲಿ 400 ಕಳೆದರೆ ನಷ್ಟ 120 ಲಕ್ಷ.

ಲೆಕ್ಕ ಕೆಡುವುದು ಹೆಚ್ಚಾಗಿ ಆ 400ರಲ್ಲಿ. ಬಣ್ಣ ನೋಡಿ ತಿರುಳು ಬೇರ್ಪಡಿಸುವ ಯಂತ್ರ ತರುತ್ತೇವೆ, ಲಾಭ ಹೆಚ್ಚುತ್ತದೆ ಎಂದು ಮ್ಯಾನೇಜ್‌ಮೆಂಟ್ ಹೇಳಬಹುದು. ಆ ಲಾಭ ಸೇರಿಸಿದರೆ ಬಳಕೆ ಮೌಲ್ಯ 460 ಆಗಿ, ನಷ್ಟ ಅರ್ಧಕ್ಕರ್ಧ ಮಾಯ! ಆದರೆ ಬಳಕೆ ಮೌಲ್ಯ ನೋಡುವುದು ಆಸ್ತಿ ಇಂದು ಇರುವ ಸ್ಥಿತಿಯಲ್ಲಿ. ಮುಂದೆ ಮಾಡುವ ಸುಧಾರಣೆಯ ಲಾಭಕ್ಕೆ ಅಲ್ಲಿ ಜಾಗವಿಲ್ಲ. ಖರ್ಚಿನ ಸಾಲಿನಲ್ಲಿ ಹೊಸ ಯಂತ್ರವೇ ಕಾಣದೆ ಎರಡನೇ ವರ್ಷದಿಂದ ಲಾಭದ ಪ್ರಮಾಣ ಹಾರಿದ್ದರೆ ಇಂಥದ್ದೇ ನಡೆದಿದೆ ಎಂದು ತಿಳಿಯಬಹುದು. ಕಳೆದ ವರ್ಷದ ಅಂದಾಜನ್ನು ಈ ವರ್ಷ ನಿಜಕ್ಕೂ ಬಂದ ಹಣದ ಪಕ್ಕದಲ್ಲಿಟ್ಟು ನೋಡಿದರೂ ಗುಟ್ಟು ಬಯಲಾಗುತ್ತದೆ. ಸಾಲದ ಬಡ್ಡಿ, ಆದಾಯ ತೆರಿಗೆ ಈ ನಗದಿನಲ್ಲಿ ಸೇರುವುದಿಲ್ಲ. ಆದ್ದರಿಂದ ಮುಂದಿನ ನಗದನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರವೂ ತೆರಿಗೆಗೆ ಮುಂಚಿನದಾಗಿರಬೇಕು. ತೆರಿಗೆ ಕಳೆದ ಚಿಕ್ಕ ದರ ಹಾಕಿದರೆ ಮೌಲ್ಯ ಸುಳ್ಳೇ ಉಬ್ಬುತ್ತದೆ.

ಇನ್ನು ನಷ್ಟದ ಹಂಚಿಕೆ. ಮೊದಲ ಏಟು ಗುಡ್‌ವಿಲ್‌ಗೆ: 40 ಲಕ್ಷ ಪೂರ್ತಿ ಹೋಯಿತು. ಉಳಿದ 80 ಲಕ್ಷವನ್ನು ಮಿಕ್ಕ ಆಸ್ತಿಗಳ ಪುಸ್ತಕ ಮೌಲ್ಯದ ಪ್ರಮಾಣದಲ್ಲಿ ಹಂಚಬೇಕು. ಆ ಮೌಲ್ಯ ಒಟ್ಟು 480 ಲಕ್ಷ, ಹಾಗಾಗಿ ಪ್ರತಿಯೊಂದಕ್ಕೂ ಆರರಲ್ಲೊಂದು ಪಾಲು: ಜಾಗಕ್ಕೆ 30, ಯಂತ್ರಗಳಿಗೆ 40, ಶೆಡ್ಡಿಗೆ 10. ಗೋದಾಮಿನಲ್ಲಿರುವ ಬೀಜದ ದಾಸ್ತಾನಿಗೆ ಇಲ್ಲಿ ಪಾಲಿಲ್ಲ, ಅದಕ್ಕೆ ಬೇರೆಯೇ ನಿಯಮವಿದೆ.

ಬಹಳ ಮಂದಿ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಆದರೆ ಜಾಗವನ್ನೊಂದನ್ನೇ ಮಾರಿದರೂ ಖರ್ಚು ಕಳೆದು 170 ಲಕ್ಷ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಆಸ್ತಿಯ ಮಾರಾಟ ಮೌಲ್ಯವಾಗಲಿ ಬಳಕೆ ಮೌಲ್ಯವಾಗಲಿ ಗೊತ್ತಾಗುವಂತಿದ್ದರೆ, ಅದನ್ನು ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಆದ್ದರಿಂದ ಜಾಗ ಹೊರುವುದು 10 ಲಕ್ಷ ಮಾತ್ರ. ಮಿಕ್ಕ 20 ಲಕ್ಷವನ್ನು ಬಿಟ್ಟುಬಿಡುವುದಲ್ಲ, ಯಂತ್ರ ಮತ್ತು ಶೆಡ್ಡಿಗೆ ಅವುಗಳ 4:1 ಪ್ರಮಾಣದಲ್ಲಿ 16 ಮತ್ತು 4 ಎಂದು ಹಂಚಬೇಕು. ಬಿಡಿಯಾಗಿ ಮಾರಿದರೆ ಯಂತ್ರಕ್ಕೆ 120, ಕಿತ್ತ ಶೆಡ್ಡಿನ ಶೀಟು ಮರಕ್ಕೆ 15 ಬರುವುದಾದರೆ ಅವು ಇನ್ನೂ ಇಳಿಯಲು ಅಡ್ಡಿಯಿಲ್ಲ. ಕೊನೆಗೆ ಜಾಗ 170, ಯಂತ್ರ 184, ಶೆಡ್ಡು 46. ಕೂಡಿಸಿದರೆ ಸರಿಯಾಗಿ 400. ಬಾರದಿದ್ದರೆ ಎಲ್ಲೋ ಒಂದು ಪಾಲು ತಪ್ಪಿದೆ.

ಮುಂದಿನ ವರ್ಷದಿಂದ ಸವಕಳಿ ಹೊಸ ಮೊತ್ತದ ಮೇಲೆ. ಯಂತ್ರಕ್ಕೆ ಇನ್ನು 8 ವರ್ಷ ಆಯುಸ್ಸಿದ್ದು, ಕೊನೆಗೆ ಏನೂ ಉಳಿಯದಿದ್ದರೆ, ವರ್ಷಕ್ಕೆ 30 ಲಕ್ಷದ ಬದಲು 23 ಲಕ್ಷ. ಎರಡು ವರ್ಷದ ಬಳಿಕ ಅದರ ಮೌಲ್ಯ 138 ಲಕ್ಷ. ಅಷ್ಟರಲ್ಲಿ ತಿರುಳಿನ ಬೆಲೆ ಚೇತರಿಸಿ ಕಾರ್ಖಾನೆಯ ವಸೂಲಿ ಮೊತ್ತ ಏರಿದರೆ ಯಂತ್ರದ ನಷ್ಟವನ್ನು ವಾಪಸ್ ಬರೆಯಬೇಕು. ಆದರೂ ನಷ್ಟವೇ ಆಗದಿದ್ದರೆ ಇರುತ್ತಿದ್ದ 180 ಲಕ್ಷವನ್ನು ದಾಟುವಂತಿಲ್ಲ, ಅಂದರೆ ಹೆಚ್ಚೆಂದರೆ 42 ಲಕ್ಷ. ಗುಡ್‌ವಿಲ್‌ನಿಂದ ಕಳೆದ 40 ಲಕ್ಷವನ್ನು ಮಾತ್ರ, ಬೆಲೆ ಎಷ್ಟೇ ಏರಿದರೂ, ಮತ್ತೆ ಪುಸ್ತಕಕ್ಕೆ ತರಲಾಗದು.